ತೃತೀಯಾಂಶವೂ ವಾರಸುದಾರರ ಸಮ್ಮತಿಯೂ

ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಸುತ್ತಣ ಬೀದಿಗಳಲ್ಲಿ, ಕೆಳಗೆ ಅಂಗಡಿ ಮೇಲೆ ಮನೆ ಎಂಬ ಕ್ರಮದಲ್ಲಿ ಕಟ್ಟಿಕೊಂಡು ಮೂರು ತಲೆಮಾರುಗಳಿಂದ ಬದುಕಿ ಬಂದ ಮುಸಲ್ಮಾನ ಕುಟುಂಬಗಳಲ್ಲಿ, ಮನೆಯ ಯಜಮಾನನು ತೀರಿಹೋದ ಮೇಲೆ ಏಳುವ ಪ್ರಶ್ನೆಗಳೊಳಗೆ ಅತ್ಯಂತ ಕಠಿನವಾದುದು, ಅವನಿಗಿಂತ ಮೊದಲೇ ಕಣ್ಮುಚ್ಚಿದ ಮಗನ ಮಕ್ಕಳಿಗೆ ಏನು ಸಲ್ಲಬೇಕೆಂಬುದು. ಸುನ್ನಿ ಹನಫೀ ಪಂಥದ ದಾಯವಿಧಿಯಲ್ಲಿ ಮೃತನಿಗೆ ಸ್ವಂತ ಮಗನೊಬ್ಬನು ಬದುಕಿದ್ದರೆ ಸಾಕು, ಮತ್ತೊಬ್ಬ ಮಗನ ಸಂತಾನಕ್ಕೆ ವಾರಸಿನ ಪಾಲು ಬಾರದು. ಹತ್ತಿರದ ಸಂಬಂಧವು ದೂರದ ಸಂಬಂಧವನ್ನು ಮರೆಮಾಡುತ್ತದೆ. ತಂದೆಯನ್ನು ಕಳೆದುಕೊಂಡು ಅಜ್ಜನ ಅಂಗಡಿಯಲ್ಲೇ ಬೆಳೆದ ಹುಡುಗನು ಅಜ್ಜನೂ ಹೋದ ದಿನ ಆ ಅಂಗಡಿಗೆ ಪರಕೀಯನಾಗುವ ಈ ಪ್ರಸಂಗವನ್ನು ಕಂಡವರು ಇದು ಕ್ರೂರವಾದ ಶಾಸ್ತ್ರವೆಂದು ಬೇಗ ತೀರ್ಮಾನಿಸಿಬಿಡುತ್ತಾರೆ. ಆದರೆ ಅದೇ ಶಾಸ್ತ್ರವು ಅಜ್ಜನ ಕೈಯಲ್ಲಿ ಒಂದು ಸಾಧನವನ್ನು ಇಟ್ಟಿದೆ; ಅದೇ ವಸೀಯತ್, ಅಂದರೆ ಮರಣಶಾಸನ. ಆ ಸಾಧನಕ್ಕೆ ಎರಡು ಮೇರೆಗಳುಂಟು. ತನ್ನ ನಿವ್ವಳ ಆಸ್ತಿಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ಒಬ್ಬನು ಮರಣಶಾಸನದ ಮೂಲಕ ಕೊಡಲಾರನು. ವಾರಸುದಾರನಿಗಾದರೋ ಆ ಮೂರನೆಯ ಒಂದು ಭಾಗದೊಳಗೂ ಕೊಡಲಾರನು. ಈ ಎರಡು ಮೇರೆಗಳನ್ನೂ ದಾಟಲು ಇರುವ ದಾರಿ ಒಂದೇ: ಉಳಿದ ವಾರಸುದಾರರ ಸಮ್ಮತಿ.

ನನ್ನ ಅನುಭವಕ್ಕೆ ಬಂದ ಮಟ್ಟಿಗೆ, ದಂಡಿನ ಪ್ರದೇಶದ ಮನೆಗಳಲ್ಲಿ ಈ ಸಾಧನದ ಬಳಕೆ ಬಹುಪಾಲು ತಿರುವುಮುರುವಾಗಿ ನಡೆಯುತ್ತಿದೆ. ಪಾಲಿಲ್ಲದವರಿಗಾಗಿ ಏರ್ಪಟ್ಟ ತೃತೀಯಾಂಶವನ್ನು ಅವರಿಗೆ ಬರೆಯುವವರು ಕಡಮೆ. ಪಾಲುಳ್ಳ ಮಕ್ಕಳಲ್ಲಿ ಒಬ್ಬನಿಗೆ ಹೆಚ್ಚು ಕೊಡುವ ಸಲುವಾಗಿ ಉಯಿಲು ಬರೆಯಿಸಿ, ಉಳಿದವರಿಂದ ಬದುಕಿರುವಾಗಲೇ ಛಾಪಾ ಕಾಗದದ ಮೇಲೆ ಒಪ್ಪಿಗೆ ತೆಗೆದುಕೊಂಡು ಪೆಟ್ಟಿಗೆಯಲ್ಲಿ ಭದ್ರಪಡಿಸುವವರು ಹೆಚ್ಚು. ಆ ಎರಡನೆಯ ಕಾಗದ ಏಕೆ ನಿಲ್ಲುವುದಿಲ್ಲವೆಂಬುದನ್ನು ತಿಳಿಯಬೇಕಾದರೆ ಮೊದಲು ತೃತೀಯಾಂಶವು ಎಲ್ಲಿಂದ ಬಂದಿತೆಂಬುದನ್ನು ನೋಡಬೇಕು.

ಹಿಜರಿ ಹತ್ತನೆಯ ವರ್ಷದಲ್ಲಿ, ಕ್ರಿಸ್ತಶಕ 632ರಲ್ಲಿ, ಪ್ರವಾದಿಗಳು ತಮ್ಮ ಕೊನೆಯ ಹಜ್ ಯಾತ್ರೆಗೆಂದು ಮಕ್ಕೆಗೆ ಬಂದಿದ್ದಾಗ ಅವರ ಅನುಚರನಾದ ಸಅದ್ ಬಿನ್ ಅಬೀ ವಕ್ಕಾಸ್ ಎಂಬಾತನು ಉಳಿಯುವ ಆಶೆಯಿಲ್ಲದಷ್ಟು ರೋಗಗ್ರಸ್ತನಾಗಿ ಮಲಗಿದ್ದನು. ತನ್ನನ್ನು ನೋಡಲು ಬಂದ ಪ್ರವಾದಿಗಳೊಡನೆ ಅವನು, ತನಗೆ ಧನವು ಬಹಳವಾಗಿದೆ, ವಾರಸುದಾರಳು ಒಬ್ಬಳೇ ಮಗಳು, ಆದುದರಿಂದ ಮೂರರಲ್ಲಿ ಎರಡು ಪಾಲನ್ನು ದಾನ ಮಾಡಲೇ ಎಂದು ಕೇಳಿದನು. ಕೂಡದು ಎಂಬ ಉತ್ತರ ಬಂದಿತು. ಅರ್ಧವನ್ನಾದರೂ ಎಂದನು, ಅದೂ ಕೂಡದು. ಮೂರನೆಯ ಒಂದು ಭಾಗ ಎಂದಾಗ ಒಪ್ಪಿಗೆ ದೊರೆಯಿತು, ಆದರೆ ಅದೂ ಅಧಿಕವೇ ಎಂಬ ಮಾತಿನೊಡನೆ. ವಾರಸುದಾರರನ್ನು ಪರರ ಮುಂದೆ ಕೈಯೊಡ್ಡುವಂತೆ ಬಿಟ್ಟುಹೋಗುವುದಕ್ಕಿಂತ ಅನುಕೂಲಸ್ಥರನ್ನಾಗಿ ಬಿಟ್ಟುಹೋಗುವುದು ಲೇಸೆಂಬ ಕಾರಣವೂ ಕೂಡಿ ಬಂದಿತು. ಸಅದನು ಆ ರೋಗದಿಂದ ಸಾಯಲಿಲ್ಲ. ಆಮೇಲೆ ದಶಕಗಳ ಕಾಲ ಬದುಕಿ, ಪಾರಸಿಕ ಸೇನೆಯನ್ನು ಗೆದ್ದ ದಂಡನಾಯಕನಾಗಿ, ಇನ್ನೂ ಅನೇಕ ಮಕ್ಕಳ ತಂದೆಯಾದನು. ಅಂದು ಮೂರರಲ್ಲಿ ಎರಡು ಪಾಲನ್ನು ಕೊಟ್ಟುಬಿಟ್ಟಿದ್ದರೆ ಹುಟ್ಟಬೇಕಾದ ಆ ಮಕ್ಕಳ ಗತಿ ಏನಾಗುತ್ತಿತ್ತೆಂದು ಧರ್ಮಶಾಸ್ತ್ರಜ್ಞರು ಪ್ರತ್ಯೇಕವಾಗಿ ಹೇಳಬೇಕಾದ ಅಗತ್ಯವಿರಲಿಲ್ಲ. ಅದೇ ಯಾತ್ರೆಯ ಸಂದರ್ಭದಲ್ಲಿ, ಪ್ರತಿಯೊಬ್ಬ ಹಕ್ಕುದಾರನಿಗೂ ದೇವರೇ ಹಕ್ಕನ್ನು ಗೊತ್ತುಮಾಡಿರುವುದರಿಂದ ವಾರಸುದಾರನಿಗೆ ವಸೀಯತ್ ಇಲ್ಲವೆಂದೂ ಪ್ರವಾದಿಗಳು ನುಡಿದುದಾಗಿ ಪರಂಪರೆಯಿದೆ. ಇವೆರಡು ವಿಧಿಗಳನ್ನು ಕೂಡಿಸಿ ನೋಡಿದರೆ ಒಂದು ಆಲೋಚನೆ ಸ್ಪಷ್ಟವಾಗುತ್ತದೆ. ಕುರಾನಿನ ನಾಲ್ಕನೆಯ ಅಧ್ಯಾಯದಲ್ಲಿ ಪಾಲುಗಳು ನಿಯತವಾಗಿವೆ. ಆ ಪಾಲುಗಳು ತಲಪದವರಿಗಾಗಿ, ಅಂದರೆ ಅನಾಥ ಮೊಮ್ಮಗನಿಗೋ, ಸಾಕಿದ ಮಗುವಿಗೋ, ಬಡ ನೆಂಟನಿಗೋ, ಧರ್ಮಕಾರ್ಯಕ್ಕೋ, ಒಂದು ತೃತೀಯಾಂಶವನ್ನು ಸಾಯುವವನ ವಿವೇಕಕ್ಕೆ ಬಿಡಲಾಗಿದೆ.

ಈ ನಿಯಮಗಳನ್ನು ಹನ್ನೆರಡನೆಯ ಶತಮಾನದಲ್ಲಿ ಫರ್ಗಾನ ಪ್ರಾಂತದ ಬುರ್ಹಾನುದ್ದೀನ್ ಮರ್ಗಿನಾನಿಯು 'ಹಿದಾಯ' ಎಂಬ ಗ್ರಂಥದಲ್ಲಿ ಕ್ರಮಪಡಿಸಿದನು. ವಾರನ್ ಹೇಸ್ಟಿಂಗ್ಸನ ಪ್ರೇರಣೆಯಿಂದ ಹೊರಟು 1791ರಲ್ಲಿ ಚಾರ್ಲ್ಸ್ ಹ್ಯಾಮಿಲ್ಟನ್ನನ ಇಂಗ್ಲಿಷ್ ರೂಪದಲ್ಲಿ ಅಚ್ಚಾದ ಆ ಗ್ರಂಥದ ಮೂಲಕವೇ ಇದು ಬ್ರಿಟಿಷ್ ನ್ಯಾಯಾಲಯಗಳನ್ನು ಹೊಕ್ಕಿತು.

ಮೂರನೆಯ ಒಂದು ಭಾಗವೆಂದರೆ ಯಾವುದರ ಮೂರನೆಯ ಒಂದು ಭಾಗ? ಮೊದಲು ತಪ್ಪುವುದು ಇಲ್ಲಿಯೇ. ಸತ್ತವನ ಆಸ್ತಿಯಿಂದ ಪ್ರಥಮತಃ ಶವಸಂಸ್ಕಾರದ ವೆಚ್ಚ ಹೋಗಬೇಕು; ಅನಂತರ ಸಾಲಗಳು ತೀರಬೇಕು; ಹೆಂಡತಿಗೆ ಕೊಡದೆ ಉಳಿಸಿಕೊಂಡ ಮೆಹರ್ ಸಹ ಈ ಸಾಲಗಳಲ್ಲಿ ಒಂದು. ಇಷ್ಟೆಲ್ಲ ಕಳೆದು ಉಳಿದುದರಲ್ಲಿ ಮೂರನೆಯ ಒಂದು ಭಾಗದವರೆಗೆ ಮರಣಶಾಸನವು ನಡೆಯುತ್ತದೆ, ಮಿಕ್ಕುದು ವಾರಸುದಾರರದು. ಇನ್ನೊಂದು ವಿಷಯ, ಬೆಂಗಳೂರಿನ ಪೂರ್ವಭಾಗದವರು ವಿಶೇಷವಾಗಿ ಮನಸ್ಸಿನಲ್ಲಿಡಬೇಕಾದುದು: ಬೆಲೆಯನ್ನು ಕಟ್ಟುವುದು ಮರಣದ ಕಾಲಕ್ಕೆ, ಉಯಿಲು ಬರೆದ ಕಾಲಕ್ಕಲ್ಲ. ಕೃಷ್ಣರಾಜಪುರದಲ್ಲಿ ಒಂದು ನಿವೇಶನವನ್ನೂ ಶಿವಾಜಿನಗರದಲ್ಲಿ ಒಂದು ಕಟ್ಟಡವನ್ನೂ ಹೊಂದಿದ್ದವನು ಇಪ್ಪತ್ತು ವರ್ಷಗಳ ಹಿಂದೆ ಆ ನಿವೇಶನವನ್ನು ಸಾಕುಮಗಳಿಗೆ ಬರೆದಿದ್ದರೆ ಅಂದು ಅದು ಆಸ್ತಿಯ ಹತ್ತನೆಯ ಒಂದು ಭಾಗವೂ ಆಗಿರದೆ ಇದ್ದಿರಬಹುದು. 2023ರ ಮಾರ್ಚಿಯಲ್ಲಿ ಕೃಷ್ಣರಾಜಪುರದಿಂದ ವೈಟ್‌ಫೀಲ್ಡಿನವರೆಗೂ, ಅದೇ ವರ್ಷದ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯ ಕಡೆಗೂ ಮೆಟ್ರೊ ಓಡತೊಡಗಿದ ಮೇಲೆ ಅಂಥ ನಿವೇಶನವು ಶಿವಾಜಿನಗರದ ಹಳೆಯ ಗೋಡೆಗಳಿಗಿಂತ ಬೇಗನೆ ಬೆಲೆಯೇರಿ, ಉಯಿಲಿನ ಒಂದಕ್ಷರವೂ ಬದಲಾಗದೆಯೆ ತೃತೀಯಾಂಶವನ್ನು ಮೀರಿ ನಿಂತರೆ ಆಶ್ಚರ್ಯವಿಲ್ಲ. ಆಗ ಆ ಮೀರಿದ ಭಾಗಕ್ಕೆ ವಾರಸುದಾರರ ಒಪ್ಪಿಗೆ ಬೇಕಾಗುತ್ತದೆ. ನಿರ್ದಿಷ್ಟವಾದ ನಿವೇಶನವನ್ನು ಹೆಸರಿಸುವುದರ ಜೊತೆಗೆ, ಅದು ಮಿತಿ ಮೀರಿದರೆ ಮೀರದಷ್ಟು ಅಂಶವನ್ನಾದರೂ ಕೊಡತಕ್ಕದ್ದೆಂಬ ಒಂದು ಮಾತನ್ನು ಸೇರಿಸಿಬಿಟ್ಟರೆ ಮುಂದಿನ ವ್ಯಾಜ್ಯವು ಎಷ್ಟೋ ಸುಲಭವಾಗುತ್ತದೆ.

ಒಂದು ಮನೆಯನ್ನು ಕಲ್ಪಿಸಿಕೊಂಡು ಲೆಕ್ಕವನ್ನು ನಡೆಸಿ ನೋಡೋಣ. ಶಿವಾಜಿನಗರದ ಒಬ್ಬ ವೃದ್ಧ ವ್ಯಾಪಾರಿ, ಹನಫೀ ಪಂಥದವನು, ತೀರಿಕೊಂಡಿದ್ದಾನೆ. ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು ಉಳಿದಿದ್ದಾರೆ. ತಂದೆತಾಯಿಗಳು ಮೊದಲೇ ಗತಿಸಿದ್ದಾರೆ. ಮೂರನೆಯ ಮಗನು ಕೆಲವು ವರ್ಷಗಳ ಹಿಂದೆ ಸತ್ತಿದ್ದು, ಅವನ ಮಗ, ಅಂದರೆ ಮೊಮ್ಮಗ, ಅಜ್ಜನ ಜೊತೆಯಲ್ಲೇ ಇದ್ದನು. ಕಟ್ಟಡ, ಸರಕು, ಬ್ಯಾಂಕಿನ ಹಣ ಎಲ್ಲ ಸೇರಿ 1 ಕೋಟಿ 30 ಲಕ್ಷ ರೂಪಾಯಿ. ಬ್ಯಾಂಕಿನ ಸಾಲ 8 ಲಕ್ಷ 50 ಸಾವಿರ, ಬಾಕಿ ಮೆಹರ್ 1 ಲಕ್ಷ, ಅಂತ್ಯಸಂಸ್ಕಾರಕ್ಕೆ 50 ಸಾವಿರ. ಒಟ್ಟು 10 ಲಕ್ಷ ಕಳೆದು ನಿವ್ವಳ 1 ಕೋಟಿ 20 ಲಕ್ಷ ಉಳಿಯುತ್ತದೆ. ಅದರ ತೃತೀಯಾಂಶ 40 ಲಕ್ಷ. ಆದರೆ ಮುದುಕನು ಬರೆದಿಟ್ಟುದು ಕೆಳಗಿನ ಅಂಗಡಿಯೇ ಮೊಮ್ಮಗನಿಗೆಂದು. ಅದರ ಬೆಲೆ 60 ಲಕ್ಷ. ಮಿತಿಯನ್ನು 20 ಲಕ್ಷದಷ್ಟು ಮೀರಿದೆ.

ಯಾರೂ ಒಪ್ಪದೆ ಇದ್ದರೆ ಮೊಮ್ಮಗನಿಗೆ 40 ಲಕ್ಷದಷ್ಟು ಅಂಶ ನಿಶ್ಚಿತ. ಉಳಿದ 80 ಲಕ್ಷದಲ್ಲಿ ಹೆಂಡತಿಗೆ ಎಂಟನೆಯ ಒಂದು ಭಾಗ, ಅಂದರೆ 10 ಲಕ್ಷ. ಮಿಕ್ಕ 70 ಲಕ್ಷವು ಗಂಡಿಗೆ ಎರಡು ಹೆಣ್ಣಿಗೆ ಒಂದು ಎಂಬ ಪ್ರಮಾಣದಲ್ಲಿ ಹಂಚಿ, ಒಬ್ಬೊಬ್ಬ ಮಗನಿಗೆ 28 ಲಕ್ಷ, ಮಗಳಿಗೆ 14 ಲಕ್ಷ. ಎಲ್ಲರೂ ಒಪ್ಪಿದರೆ ಮೊಮ್ಮಗನಿಗೆ ಪೂರ್ಣ 60 ಲಕ್ಷ. ಉಳಿದ 60 ಲಕ್ಷದಲ್ಲಿ ಹೆಂಡತಿಗೆ 7 ಲಕ್ಷ 50 ಸಾವಿರ, ಒಬ್ಬೊಬ್ಬ ಮಗನಿಗೆ 21 ಲಕ್ಷ, ಮಗಳಿಗೆ 10 ಲಕ್ಷ 50 ಸಾವಿರ.

ಈಗ ಮೇಲಿನ ಕೋಣೆಯಲ್ಲಿ ಎಲ್ಲರೂ ಕೂತಿದ್ದಾರೆಂದುಕೊಳ್ಳಿ. ಹಿರಿಯ ಮಗನು, "ಅಮ್ಮೀ, ಅಬ್ಬಾ ಬರೆದಿಟ್ಟದ್ದನ್ನು ನಾನು ಮುರಿಯುವುದಿಲ್ಲ, ನನ್ನ ಪಾಲಿನಿಂದ ಎಷ್ಟು ಹೋಗಬೇಕೋ ಅಷ್ಟು ಹೋಗಲಿ" ಎನ್ನುತ್ತಾನೆ. ತಾಯಿಯೂ ತಲೆದೂಗಿ, "ನನ್ನದೂ ಹಾಗೆಯೇ, ಬೇಟಾ" ಎನ್ನುತ್ತಾಳೆ. ಕಿರಿಯ ಮಗನು, "ಭಾಯ್, ನನ್ನ ಮಕ್ಕಳ ಓದು ಇನ್ನೂ ಇದೆ, ನನ್ನಿಂದಾಗದು" ಎನ್ನುತ್ತಾನೆ. ಮಗಳು ಗಂಡನ ಮನೆಯವರನ್ನು ಕೇಳಿ ಹೇಳುವೆನೆಂದು ಸುಮ್ಮನಾಗುತ್ತಾಳೆ, ಆಮೇಲೆ ಒಪ್ಪುವುದೇ ಇಲ್ಲ. ಆಗ ಉಯಿಲು ಸಂಪೂರ್ಣವಾಗಿ ಬಿದ್ದುಹೋಗುವುದೂ ಇಲ್ಲ, ಸಂಪೂರ್ಣವಾಗಿ ನಿಲ್ಲುವುದೂ ಇಲ್ಲ. ಒಪ್ಪಿದವರು ತಮ್ಮ ತಮ್ಮ ಪಾಲಿನ ಮಟ್ಟಿಗೆ ಮಾತ್ರ ಬದ್ಧರು. ತಾಯಿಯ ಒಪ್ಪಿಗೆಯಿಂದ 2 ಲಕ್ಷ 50 ಸಾವಿರ, ಹಿರಿಯ ಮಗನ ಒಪ್ಪಿಗೆಯಿಂದ 7 ಲಕ್ಷ, ಹೀಗೆ 9 ಲಕ್ಷ 50 ಸಾವಿರವು ಮೊಮ್ಮಗನ 40 ಲಕ್ಷಕ್ಕೆ ಕೂಡಿ ಅವನದು 49 ಲಕ್ಷ 50 ಸಾವಿರವಾಗುತ್ತದೆ. ತಾಯಿಗೆ 7 ಲಕ್ಷ 50 ಸಾವಿರ, ಹಿರಿಯನಿಗೆ 21 ಲಕ್ಷ, ಒಪ್ಪದ ಕಿರಿಯನಿಗೆ 28 ಲಕ್ಷ, ಮಗಳಿಗೆ 14 ಲಕ್ಷ. ಕೂಡಿಸಿ ನೋಡಿದರೆ 1 ಕೋಟಿ 20 ಲಕ್ಷವೇ ಬರುತ್ತದೆ. ಬಹುಮತವೆಂಬುದಕ್ಕೆ ಇಲ್ಲಿ ಅವಕಾಶವಿಲ್ಲ. ಮನೆಯ ಹಿರಿಯನ ಮಾತು ಕಿರಿಯನನ್ನು ಕಟ್ಟುವುದಿಲ್ಲ, ಗಂಡಂದಿರ ಸಹಿ ಹೆಂಗಸರನ್ನು ಕಟ್ಟುವುದಿಲ್ಲ. ಅಂಗಡಿಯ ಒಂದು ಅಂಶ ಮಾತ್ರ ಮೊಮ್ಮಗನದಾಗಿ ಉಳಿದ ಅಂಶ ಚಿಕ್ಕಪ್ಪನದೂ ಸೋದರತ್ತೆಯದೂ ಆದಾಗ, ಒಬ್ಬರು ಇನ್ನೊಬ್ಬರ ಅಂಶವನ್ನು ಕೊಂಡುಕೊಳ್ಳುವುದೊಂದೇ ಸಾಮಾನ್ಯವಾಗಿ ಉಳಿಯುವ ದಾರಿ.

ಸಮ್ಮತಿಯ ಸ್ವರೂಪವು ಈ ಲೆಕ್ಕದಲ್ಲೇ ಅಡಗಿದೆ. ಒಪ್ಪುವವನು ಬೇರೊಬ್ಬನ ಉಯಿಲಿಗೆ ಸುಮ್ಮನೆ ಸಹಿಹಾಕುತ್ತಿಲ್ಲ. ತನಗೆ ಬಂದುಬಿಟ್ಟಿರುವ ಪಾಲಿನಲ್ಲಿ ಒಂದಂಶವನ್ನು ಬಿಟ್ಟುಕೊಡುತ್ತಿದ್ದಾನೆ. ಬಂದಿಲ್ಲದ ಪಾಲನ್ನು ಬಿಡುವುದು ಹೇಗೆ? ಆದಕಾರಣ ಹನಫೀ ಶಾಸ್ತ್ರಜ್ಞರು ಸಮ್ಮತಿಯು ಮರಣಾನಂತರ ಕೊಟ್ಟದ್ದಾಗಿರಬೇಕೆಂದು ಒತ್ತಿ ಹೇಳಿದರು. ತಂದೆ ಬದುಕಿರುವಾಗ ಮಗನಿಗೆ ಇರುವುದು ಹಕ್ಕಲ್ಲ, ಬರಿಯ ನಿರೀಕ್ಷೆ. ಅವನು ತಂದೆಗಿಂತ ಮೊದಲೇ ಸಾಯಬಹುದು, ತಂದೆ ಆಸ್ತಿಯನ್ನೆಲ್ಲ ಮಾರಿಬಿಡಬಹುದು. ನಿರೀಕ್ಷೆಯನ್ನು ಬಿಟ್ಟುಕೊಟ್ಟವನು ಏನನ್ನೂ ಕೊಟ್ಟಂತಾಗಲಿಲ್ಲ. ನಮ್ಮ ಆಸ್ತಿ ಹಸ್ತಾಂತರ ಕಾಯಿದೆಯೂ ಇಂಥ ವಾರಸಿನ ನಿರೀಕ್ಷೆಯನ್ನು ಮಾರಲಾಗದ ವಸ್ತುಗಳ ಪಟ್ಟಿಯಲ್ಲೇ ಇಟ್ಟಿದೆ. ಆದುದರಿಂದಲೇ ತಂದೆಯ ಹಾಸಿಗೆಯ ಬಳಿ ಕೂಡಿಸಿ ಛಾಪಾ ಕಾಗದದ ಮೇಲೆ ತೆಗೆದುಕೊಂಡ ನಿರಾಕ್ಷೇಪಣೆ ಪತ್ರ, ಉಯಿಲಿಗೇ ಮಗನು ಸಾಕ್ಷಿಯಾಗಿ ಹಾಕಿದ ಸಹಿ, ಇವು ಸುನ್ನಿ ಕುಟುಂಬದಲ್ಲಿ ತಾವಾಗಿಯೇ ಸಮ್ಮತಿ ಎನಿಸಲಾರವು. ಬದುಕಿರುವಾಗ ಒಪ್ಪಿದ ಮಗನು ತಂದೆ ಸತ್ತ ಮೇಲೆ ಆಗುವುದಿಲ್ಲವೆಂದರೆ ಅವನನ್ನು ಜರೆಯಬಹುದು, ಆದರೆ ಶಾಸ್ತ್ರವು ತಡೆಯುವುದಿಲ್ಲ. ಮರಣಾನಂತರ ಒಪ್ಪಿದವನಾದರೋ ಮತ್ತೆ ಹಿಂದಿರುಗುವಂತಿಲ್ಲ.

ಇದಕ್ಕೊಂದು ಪಕ್ಕದ ದಾರಿಯನ್ನು ಸುಪ್ರೀಂ ಕೋರ್ಟು ತೋರಿಸಿಕೊಟ್ಟಿದೆ. ಗುಲಾಮ್ ಅಬ್ಬಾಸ್ ಮತ್ತು ಹಾಜಿ ಕಯ್ಯೂಮ್ ಅಲಿ ನಡುವಣ ಪ್ರಕರಣದಲ್ಲಿ, ತಂದೆ ಬದುಕಿದ್ದಾಗಲೇ ಹಣ ತೆಗೆದುಕೊಂಡು ಮುಂದಿನ ಹಕ್ಕನ್ನು ಬಿಟ್ಟುಕೊಟ್ಟ ಮಕ್ಕಳು ತಂದೆಯ ಮರಣದ ಬಳಿಕ ಆ ಹಣವನ್ನೂ ಇಟ್ಟುಕೊಂಡು ಪಾಲನ್ನೂ ಕೇಳುವಂತಿಲ್ಲವೆಂದು ನ್ಯಾಯಾಲಯ ಹೇಳಿತು. ಹಕ್ಕಿನ ಬಿಡುಗಡೆಯು ಆಗಲೇ ಸಿಂಧುವಾಯಿತೆಂದು ಇದರ ಅರ್ಥವಲ್ಲ. ಪ್ರತಿಫಲವನ್ನು ಪಡೆದು ಇತರರನ್ನು ನಂಬಿಸಿದ ನಡತೆಯು ಅವರ ಬಾಯಿ ಕಟ್ಟುತ್ತದೆಂದು ಅರ್ಥ. ಯಾವ ಪ್ರತಿಫಲವೂ ಇಲ್ಲದೆ ಹಿರಿಯರ ಮುಖ ನೋಡಿ ಮಾಡಿದ ಸಹಿಗೆ ಈ ಬಲ ಬಾರದು.

ಒಪ್ಪಿಗೆಯನ್ನು ಕಾಗದದಲ್ಲೇ ಬರೆಯಬೇಕೆಂದೇನೂ ಇಲ್ಲ; ನಡವಳಿಕೆಯಿಂದಲೂ ಅದು ವ್ಯಕ್ತವಾಗಬಹುದು. ತಂದೆ ಸತ್ತ ಮೇಲೆ ಅಂಗಡಿಯ ಖಾತಾ ಮೊಮ್ಮಗನ ಹೆಸರಿಗೆ ಬದಲಾಗಲೆಂದು ಚಿಕ್ಕಪ್ಪನು ತಾನೇ ಅರ್ಜಿಗೆ ಸಹಿ ಹಾಕಿ, ವರ್ಷಗಟ್ಟಲೆ ಬಾಡಿಗೆಯನ್ನು ಮೊಮ್ಮಗನಿಗೆ ಹೋಗಗೊಟ್ಟು, ಆಮೇಲೆ ನನ್ನ ಸಮ್ಮತಿಯೇ ಇರಲಿಲ್ಲವೆಂದರೆ ನ್ಯಾಯಾಧೀಶರು ಸುಲಭವಾಗಿ ಒಪ್ಪುವುದಿಲ್ಲ. ಆದರೆ ಬರಿಯ ಮೌನ ಸಮ್ಮತಿಯಲ್ಲ. ದುಬೈಯಲ್ಲಿದ್ದು ಉಯಿಲಿನ ಸಂಗತಿಯೇ ತಿಳಿಯದ ಮಗನ ಮೌನಕ್ಕೂ ಎಲ್ಲವನ್ನೂ ತಿಳಿದು ಬಾಡಿಗೆ ಕರಾರಿಗೆ ಸಾಕ್ಷಿ ಹಾಕಿದವನ ಮೌನಕ್ಕೂ ವ್ಯತ್ಯಾಸವಿದೆ. ಮೇಯೋ ಹಾಲಿನ ಸಿವಿಲ್ ನ್ಯಾಯಾಲಯದ ಮುಂದೆ ಇಂಥ ವ್ಯಾಜ್ಯ ಬಂದಾಗ ವಕೀಲರು ಹುಡುಕಬೇಕಾದುದು ಮೂರು ವಿಷಯಗಳನ್ನು: ಆ ಕೃತ್ಯ ನಡೆದುದು ಮರಣದ ಮುಂಚೆಯೋ ಆಮೇಲೆಯೋ, ಮಾಡಿದವನಿಗೆ ಉಯಿಲಿನ ವಿವರ ತಿಳಿದಿತ್ತೇ ಇಲ್ಲವೇ, ತನ್ನ ಪಾಲು ಕುಗ್ಗುತ್ತದೆಂಬ ಅರಿವು ಅವನಿಗಿತ್ತೇ. ಮಗಳಿಂದ ಖಾಲಿ ಕಾಗದದ ಮೇಲೆ ಸಹಿ ತೆಗೆದುಕೊಂಡು ಖಾತಾ ಬದಲಾಯಿಸುವ ಪದ್ಧತಿಯು ಈ ಮೂರನೆಯ ಪ್ರಶ್ನೆಯ ಮುಂದೆ ನಿಲ್ಲಲಾರದು. ಹೆಣ್ಣುಮಕ್ಕಳ ಮಟ್ಟಿಗೆ ನಡೆಯುವ ಈ ಅನ್ಯಾಯ ನನ್ನನ್ನು ಬಹಳವಾಗಿ ನೋಯಿಸಿದೆ. ವಾರಸುದಾರರಲ್ಲಿ ಅಪ್ರಾಪ್ತ ವಯಸ್ಸಿನವನಿದ್ದರೆ ಅವನು ಒಪ್ಪಲಾರನು, ಅವನ ಪರವಾಗಿ ತಾಯಿಯೋ ಪೋಷಕನೋ ಒಪ್ಪಲಾಗದು. ಇನ್ನೊಬ್ಬನ ಧನವನ್ನು ಪುಕ್ಕಟೆಯಾಗಿ ಬಿಟ್ಟುಕೊಡುವ ಅಧಿಕಾರ ಪೋಷಕನಿಗಿಲ್ಲ.

ಎರಡನೆಯ ಮೇರೆ, ವಾರಸುದಾರನಿಗೆ ವಸೀಯತ್ ಇಲ್ಲವೆಂಬುದು, ಇನ್ನೂ ಬಿಗಿಯಾದುದು. ಮೇಲಿನ ಮುದುಕನು ಮೊಮ್ಮಗನ ಬದಲು, ಮದುವೆಯಾಗದೆ ಉಳಿದು ತನ್ನ ಕೊನೆಗಾಲದ ಸೇವೆ ಮಾಡಿದ ಮಗಳಿಗೆ 5 ಲಕ್ಷವನ್ನು ಹೆಚ್ಚಾಗಿ ಬರೆದಿದ್ದರೂ, ಅದು ತೃತೀಯಾಂಶದ ಬಹು ಒಳಗೇ ಇದ್ದರೂ, ತಾಯಿ ಮತ್ತು ಸೋದರರ ಸಮ್ಮತಿಯಿಲ್ಲದೆ ನಡೆಯದು. ಇಲ್ಲಿ ವಾರಸುದಾರ ಯಾರೆಂಬುದನ್ನು ನಿರ್ಧರಿಸುವುದು ಮರಣದ ಕ್ಷಣವೇ ಹೊರತು ಬರೆದ ಕ್ಷಣವಲ್ಲ. ಮಕ್ಕಳಿಲ್ಲದವನು ತಮ್ಮನಿಗೆ ಉಯಿಲು ಬರೆದು, ಆಮೇಲೆ ಗಂಡುಮಗು ಹುಟ್ಟಿದರೆ, ಮಗನು ತಮ್ಮನನ್ನು ವಾರಸಿನಿಂದ ಹೊರಗಿಡುವುದರಿಂದ ತಮ್ಮನು ಈಗ ವಾರಸುದಾರನಲ್ಲದವನಾಗಿ ತೃತೀಯಾಂಶದವರೆಗೆ ಆ ಉಯಿಲನ್ನು ಪಡೆಯಬಲ್ಲನು. ಅಂತೆಯೇ ಮಗನು ಬದುಕಿದ್ದಾಗ ಮೊಮ್ಮಗನಿಗೆ ಬರೆದು, ಆಮೇಲೆ ಬದುಕಿದ್ದ ಗಂಡುಮಕ್ಕಳೆಲ್ಲ ತೀರಿಕೊಂಡರೆ ಮೊಮ್ಮಗನೇ ವಾರಸುದಾರನಾಗಿ, ಉಯಿಲು ಸಮ್ಮತಿಯ ಹಂಗಿಗೆ ಬೀಳುತ್ತದೆ.

ಶಿಯಾ ಪಂಥದ ಇಮಾಮಿ ಶಾಸ್ತ್ರದಲ್ಲಿ ಈ ಮೇರೆ ಸಡಿಲವಾಗಿದೆ. ಶಿರಾಜಿನಿಂದ ಕುದುರೆಗಳೊಡನೆ ಬಂದು ಬೆಂಗಳೂರಿನಲ್ಲಿ ನೆಲೆಸಿದ ಆಗಾ ಅಲಿ ಅಸ್ಕರನ ಹೆಸರಿನ ರಸ್ತೆ ಕನ್ನಿಂಗ್‌ಹ್ಯಾಮ್ ರಸ್ತೆಯ ಹತ್ತಿರವೇ ಇದೆ. ದಿವಾನ ಸರ್ ಮಿರ್ಜಾ ಇಸ್ಮಾಯಿಲ್ ಅವನ ಮೊಮ್ಮಗ. ಅಂಥ ಶಿಯಾ ಮನೆಯಲ್ಲಿ ತಂದೆಯು ತೃತೀಯಾಂಶದೊಳಗೆ ಒಬ್ಬ ಮಗನಿಗೆ ಅಥವಾ ಮಗಳಿಗೆ ಹೆಚ್ಚಾಗಿ ಬರೆಯಲು ಯಾರನ್ನೂ ಕೇಳಬೇಕಿಲ್ಲ. ತೃತೀಯಾಂಶವನ್ನು ಮೀರಿದಾಗ ಮಾತ್ರ ಸಮ್ಮತಿ ಬೇಕು, ಅದನ್ನು ಬದುಕಿರುವಾಗ ಕೊಟ್ಟರೂ ಸಲ್ಲುತ್ತದೆ. ಪಕ್ಕಪಕ್ಕದ ಎರಡು ಮನೆಗಳಲ್ಲಿ ಒಂದೇ ಉಯಿಲು ಒಂದರಲ್ಲಿ ನಿಂತು ಇನ್ನೊಂದರಲ್ಲಿ ಬೀಳುವುದು ಈ ನಗರದಲ್ಲಿ ಸಾಧ್ಯ. ಆದುದರಿಂದ ಉಯಿಲು ಬರೆಯಿಸುವವನು ತನ್ನ ಪಂಥವನ್ನು ಮೊದಲ ವಾಕ್ಯದಲ್ಲೇ ಹೇಳುವುದು ಯೋಗ್ಯ.

ದಂಡಿನ ಪ್ರದೇಶದ ಇತಿಹಾಸದಲ್ಲಿ ಈ ಮೇರೆಗಳೆರಡೂ ಇಲ್ಲದಿದ್ದ ಒಂದು ಸಮುದಾಯವೂ ಇತ್ತು. ಕಚ್ಛದಿಂದ ಬಂದ ಮೇಮನ್ ವರ್ತಕರು ಧರ್ಮದಲ್ಲಿ ಸುನ್ನಿ ಮುಸಲ್ಮಾನರಾಗಿದ್ದರೂ ವಾರಸಿನ ವಿಷಯದಲ್ಲಿ ತಮ್ಮ ಪೂರ್ವಿಕರ ಹಿಂದೂ ಆಚಾರವನ್ನೇ ಉಳಿಸಿಕೊಂಡಿದ್ದರು. ಇಡೀ ಆಸ್ತಿಯನ್ನು ಉಯಿಲಿನ ಮೂಲಕ ಕೊಡುವ ಸ್ವಾತಂತ್ರ್ಯವೂ ಆ ಆಚಾರದಲ್ಲಿ ಸೇರಿತ್ತು. ಶಿವಾಜಿನಗರದ ಘೋಷಾ ಆಸ್ಪತ್ರೆಗೂ ಫ್ರೇಜರ್ ಟೌನಿನ ಮಸೀದಿಗೂ ಕಾರಣನಾದ ಹಾಜಿ ಸರ್ ಇಸ್ಮಾಯಿಲ್ ಸೇಠ್ ಈ ಸಮುದಾಯದವನು. 1920ರ ಕಾಯಿದೆಯೊಂದು ಕಚ್ಛೀ ಮೇಮನ್ನರು ಒಬ್ಬೊಬ್ಬರಾಗಿ ಘೋಷಣೆ ಕೊಟ್ಟು ಶರೀಅತಿನ ದಾಯವಿಧಿಗೆ ಒಳಪಡಲು ಅವಕಾಶ ಮಾಡಿತು. 1938ರ ಕಾಯಿದೆಯು ಬ್ರಿಟಿಷ್ ಆಡಳಿತದ ಪ್ರದೇಶಗಳಲ್ಲಿ ಅವರೆಲ್ಲರನ್ನೂ ಒಮ್ಮೆಗೇ ಆ ವಿಧಿಗೆ ತಂದಿತು. ಮೈಸೂರಿನ ಕಚ್ಛೀ ಮೇಮನ್ನರು ಎಷ್ಟರಮಟ್ಟಿಗೆ ಹಿಂದೂ ಆಚಾರದವರು ಎಂಬ ಪ್ರಶ್ನೆ ಮೃತ್ಯುತೆರಿಗೆಯ ವ್ಯಾಜ್ಯವಾಗಿ ಸುಪ್ರೀಂ ಕೋರ್ಟಿನವರೆಗೂ ಹೋಗಿ, 1972ರಲ್ಲಿ, ಆ ಆಚಾರವು ವಾರಸಿಗೆ ಸೀಮಿತವೇ ಹೊರತು ಅವಿಭಕ್ತ ಕುಟುಂಬದ ಹಕ್ಕುಗಳಿಗೆ ವ್ಯಾಪಿಸದೆಂದು ತೀರ್ಮಾನವಾಯಿತು. ಇದರ ನೆನಪು ಇಂದಿಗೂ ಪ್ರಯೋಜನಕರ, ಏಕೆಂದರೆ 1937ರ ಶರೀಅತ್ ಕಾಯಿದೆಯ ಮುಖ್ಯ ವಿಧಿಯು ಉಯಿಲಿಲ್ಲದ ವಾರಸನ್ನು ಹೆಸರಿಸುತ್ತದೆಯೇ ವಿನಾ ಉಯಿಲನ್ನು ಹೆಸರಿಸುವುದಿಲ್ಲ; ಉಯಿಲು, ದತ್ತು ಮುಂತಾದವುಗಳಿಗೆ ಪ್ರತ್ಯೇಕವಾದ ಘೋಷಣೆಯ ದಾರಿಯನ್ನು ಇಟ್ಟಿದೆ.

ತೃತೀಯಾಂಶದ ತೊಂದರೆ ತಪ್ಪಿಸಿಕೊಳ್ಳಲು ಜನರು ಹಿಡಿಯುವ ಇನ್ನೊಂದು ದಾರಿ ಹಿಬಾ, ಅಂದರೆ ಜೀವಂತನಾಗಿರುವಾಗಲೇ ಮಾಡುವ ದಾನ. ಆರೋಗ್ಯದಲ್ಲಿರುವಾಗ ಕೊಟ್ಟು, ಪಡೆದವನು ಸ್ವೀಕರಿಸಿ, ಸ್ವಾಧೀನವನ್ನೂ ಬಿಟ್ಟುಕೊಟ್ಟರೆ ಯಾವ ಮಿತಿಯೂ ಇಲ್ಲ; ತಂದೆ ಬಯಸಿದರೆ ಇಡೀ ಕಟ್ಟಡವನ್ನೇ ಮೊಮ್ಮಗನಿಗೆ ಕೊಡಬಹುದು. ಆದರೆ ಮರಣವ್ಯಾಧಿಯಲ್ಲಿ, ಸಾವು ಸಮೀಪಿಸಿದೆಯೆಂಬ ಭಯ ಮನಸ್ಸನ್ನು ಹೊಕ್ಕ ಬಳಿಕ, ಆಸ್ಪತ್ರೆಯ ಹಾಸಿಗೆಯಲ್ಲಿ ಹೆಬ್ಬೆಟ್ಟು ಒತ್ತಿಸಿ ಮಾಡಿಸಿದ ಹಿಬಾಕ್ಕೆ ಉಯಿಲಿನ ಮೇರೆಗಳೇ ಅನ್ವಯಿಸುತ್ತವೆ. ಸಬ್‌ರಿಜಿಸ್ಟ್ರಾರರನ್ನು ಮನೆಗೇ ಕರೆಯಿಸಿ ನೋಂದಾಯಿಸಿದರೂ ತೃತೀಯಾಂಶವನ್ನು ಅದು ದಾಟದು. ದಾನವೆಂದು ಹೇಳಿ ಬಾಡಿಗೆಯನ್ನು ಕೊನೆಯವರೆಗೂ ತಾನೇ ತೆಗೆದುಕೊಳ್ಳುತ್ತಿದ್ದರೆ, ಸ್ವಾಧೀನ ಹೋಗಿಲ್ಲವೆಂಬ ಆಕ್ಷೇಪಣೆಯೂ ಏಳುತ್ತದೆ.

ಅನಾಥ ಮೊಮ್ಮಗನ ಪ್ರಶ್ನೆಗೆ ಬೇರೆ ದೇಶಗಳು ಬೇರೆ ಬೇರೆ ಉತ್ತರ ಕಂಡುಕೊಂಡಿವೆ. ಈಜಿಪ್ಟ್ ದೇಶವು 1946ರ ತನ್ನ ಉಯಿಲಿನ ಕಾಯಿದೆಯಲ್ಲಿ, ಅಜ್ಜನು ಬರೆಯದೆ ಸತ್ತರೂ ಬರೆದನೆಂದೇ ಭಾವಿಸಿ, ಸತ್ತ ಮಗನ ಸಂತಾನಕ್ಕೆ ತೃತೀಯಾಂಶದೊಳಗೆ ಪಾಲನ್ನು ಕಡ್ಡಾಯ ಮಾಡಿತು. ಶಾಸ್ತ್ರದ ಒಳಗಿಂದಲೇ, ಅದು ಬಿಟ್ಟಿದ್ದ ಅವಕಾಶವನ್ನೇ ಬಳಸಿ ಮಾಡಿದ ಈ ಸುಧಾರಣೆ ನನಗೆ ಬಹಳ ವಿವೇಕವಾಗಿ ಕಾಣುತ್ತದೆ. ಪಾಕಿಸ್ತಾನವು 1961ರಲ್ಲಿ ಮೊಮ್ಮಗನನ್ನು ಸತ್ತ ತಂದೆಯ ಸ್ಥಾನದಲ್ಲೇ ನಿಲ್ಲಿಸಿ ಪೂರ್ಣ ಪಾಲು ಕೊಟ್ಟಿತು. ಭಾರತದಲ್ಲಿ ಇಂಥ ಯಾವ ಕಾಯಿದೆಯೂ ಇಲ್ಲ. ಮುಫ್ತಿಗಳ ಬಳಿ ಹೋಗಿ ಪ್ರಶ್ನೆ ಬರೆದುಕೊಟ್ಟು ಫತ್ವಾ ತಂದರೆ ಲೆಕ್ಕ ಸ್ಪಷ್ಟವಾಗುತ್ತದೆ, ಮನಸ್ಸುಗಳು ಒಂದುಗೂಡಲೂ ಬಹುದು; ಆದರೆ ಫತ್ವಾಕ್ಕೆ ಕಾನೂನಿನ ಬಲವಿಲ್ಲವೆಂದು 2014ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಹೀಗಿರುವಾಗ ಶಿವಾಜಿನಗರದ ಅಜ್ಜನು ಮಾಡಬೇಕಾದ ಕೆಲಸ ಚಿಕ್ಕದು. ಮುಸಲ್ಮಾನನ ಉಯಿಲಿಗೆ ನಿಯತವಾದ ರೂಪವಿಲ್ಲ. ಸಾಕ್ಷಿಗಳು ಕಡ್ಡಾಯವಲ್ಲ, ನೋಂದಣಿ ಕಡ್ಡಾಯವಲ್ಲ, ಬಾಯಿಮಾತಿನದೂ ಸಲ್ಲುತ್ತದೆ. ಆದರೂ ಬಾಯಿಮಾತನ್ನು ಸ್ಥಾಪಿಸುವುದು ಬಹು ಕಷ್ಟವಾದುದರಿಂದ ಬರೆದು, ವಾರಸುದಾರರಲ್ಲದ ಇಬ್ಬರ ಸಾಕ್ಷಿ ಹಾಕಿಸಿ, ತೃತೀಯಾಂಶಕ್ಕಿಂತ ಸ್ವಲ್ಪ ಕಡಮೆಯನ್ನೇ ಮೊಮ್ಮಗನಿಗೆ ಕೊಡುವುದು ಕ್ಷೇಮ; ಆಗ ಯಾರ ಸಮ್ಮತಿಯ ಅಗತ್ಯವೂ ಬೀಳದು. ಬರೆಯದೆ ಸತ್ತರೆ, ಒಪ್ಪುವುದಕ್ಕೆ ಉಯಿಲೇ ಇಲ್ಲದಿರುವುದರಿಂದ ವಾರಸುದಾರರ ಸಮ್ಮತಿಗೂ ಅಲ್ಲಿ ಎಡೆಯಿಲ್ಲ. ಆಮೇಲೆ ಚಿಕ್ಕಪ್ಪ, ದೊಡ್ಡಪ್ಪ, ಅಜ್ಜಿ, ಸೋದರತ್ತೆಯರು ತಮಗೆ ಬಂದ ಪಾಲಿನಿಂದ ಏನಾದರೂ ಕೊಡಬೇಕೆಂದಿದ್ದರೆ ಅದು ಒಬ್ಬೊಬ್ಬರೂ ಬೇರೆಬೇರೆಯಾಗಿ ಮಾಡಬೇಕಾದ ಹಿಬಾ. ಮನಸ್ಸಿಲ್ಲದವರನ್ನು ಕೊಡುವಂತೆ ಮಾಡಲು ಯಾವ ನ್ಯಾಯಾಲಯಕ್ಕೂ ಅಧಿಕಾರವಿಲ್ಲ.